ಹೆಸರು ನೋಡು, ಆಮೇಲೆ ಪಿನ್ ಒತ್ತು

ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಪತ್ರಿಕೆ ಬಿಡಿಸುತ್ತಿದ್ದೆ. ಮೊಮ್ಮಗಳು ಪುಟ್ಟಿ ತನ್ನ ಮಣ್ಣಿನ ಹುಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟಳು. ಏಳನೇ ತರಗತಿಯ ಹುಡುಗಿ. ಆ ಹುಂಡಿಯನ್ನು ಸೈಕಲ್ಲಿಗೆಂದು ಎರಡು ವರ್ಷದಿಂದ ತುಂಬುತ್ತಿದ್ದಾಳೆ.

"ತಾತ, ಇದನ್ನ ಒಡೆದುಬಿಡೋಣ. ಒಳಗೆ ಎಷ್ಟಿದ್ಯೋ ಅಷ್ಟನ್ನೂ ನಿಮ್ಮ ಫೋನಿಂದ ಈ ಪಾಪುಗೆ ಕಳಿಸಿಬಿಡಿ" ಎಂದಳು.

ಅವಳ ಅಮ್ಮನ ಫೋನಿನಲ್ಲಿ ಒಂದು ಚಿತ್ರವಿತ್ತು. ಮೂರು ನಾಲ್ಕು ವರ್ಷದ ಗಂಡು ಮಗು, ಆಸ್ಪತ್ರೆಯ ಹಾಸಿಗೆ, ಮೂಗಿಗೆ ಸಣ್ಣ ನಳಿಕೆ, ಅರಿಸಿನ ಬಳಿದಂತೆ ಹಳದಿಯಾದ ಕಣ್ಣು. ಕೆಳಗೆ ಕೆಂಪು ಅಕ್ಷರದಲ್ಲಿ, 'ಲಿವರ್ ಕಸಿಗೆ ಇನ್ನು ಎರಡೇ ದಿನ ಉಳಿದಿದೆ, ಒಂದು ರೂಪಾಯಿಯಾದರೂ ಸರಿ, ಸ್ಕ್ಯಾನ್ ಮಾಡಿ, ನಿಮ್ಮ ಎಲ್ಲ ಗುಂಪುಗಳಿಗೂ ಕಳಿಸಿ' ಎಂದಿತ್ತು. ಅದರ ಪಕ್ಕದಲ್ಲಿ ಕಪ್ಪು ಬಿಳಿ ಚೌಕಗಳ ಕ್ಯೂಆರ್ ಕೋಡ್. ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಅದನ್ನು ಹಾಕಿದ್ದವರು ಮೂರನೇ ಮನೆಯ ನಿವೃತ್ತ ಮೇಷ್ಟ್ರು. ಸುಳ್ಳು ಹೇಳುವ ಜನವೇ ಅಲ್ಲ.

ನಾನು ತಕ್ಷಣ ಹೂಂ ಅನ್ನಲಿಲ್ಲ. ಅದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಮನವಿಗೆ ನಾನು ಐದು ಸಾವಿರ ಕಳಿಸಿದ್ದೆ. ಸುಟ್ಟಗಾಯದ ಒಂದು ಹೆಣ್ಣು ಮಗು. ಎರಡು ತಿಂಗಳಾದ ಮೇಲೆ ಅದೇ ಚಿತ್ರ, ಅದೇ ಬ್ಯಾಂಡೇಜು, ಬೇರೆ ಹೆಸರು, ಬೇರೆ ಊರು ಹೊತ್ತು ಇನ್ನೊಂದು ಗುಂಪಿನಲ್ಲಿ ಬಂತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಊರಿನವರ ಸಹಿಗಳನ್ನೆಲ್ಲ ತಾಳೆ ನೋಡಿದವನು ನಾನು. ಮನೆಯಲ್ಲಿ ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗಿತ್ತು. ಅಂದಿನಿಂದ ಇಂಥ ಮನವಿ ಬಂದರೆ ಓದದೇ ಅಳಿಸಿಬಿಡುತ್ತಿದ್ದೆ. ಮೋಸ ಹೋಗದಿರಲು ಅದು ಸುಲಭದ ದಾರಿ. ಆದರೆ ಅವುಗಳಲ್ಲಿ ಎಷ್ಟು ಮಕ್ಕಳ ಕಾಯಿಲೆ ನಿಜವಾಗಿತ್ತೋ ಏನೋ.

ಪುಟ್ಟಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಇದು ನಿಜಾನೋ ಸುಳ್ಳೋ ಅಂತ ನೋಡೋಕೆ ಆಗಲ್ವಾ ತಾತ?"

ನೋಡಬಹುದು. ಆ ದಿನ ನಾವಿಬ್ಬರೂ ಕುಳಿತು ನೋಡಿದೆವು. ಸುಮಾರು ಒಂದೂವರೆ ಗಂಟೆ ಹಿಡಿಯಿತು. ಮರುದಿನ ಆಸ್ಪತ್ರೆಗೊಂದು ಫೋನ್ ಮಾಡಿದ್ದು ಅದಕ್ಕೆ ಸೇರಿಲ್ಲ.

ಮೊದಲು ಮೇಷ್ಟ್ರಿಗೆ ಫೋನ್ ಮಾಡಿದೆ. "ಮೇಷ್ಟ್ರೇ, ಆ ಮಗು ನಿಮಗೆ ಗೊತ್ತಿರೋರದ್ದಾ?" ಎಂದು ಕೇಳಿದೆ. "ಇಲ್ಲ ಸ್ವಾಮಿ, ನನ್ನ ತಂಗಿ ಮಗ ಕಳಿಸಿದ. ಅವನಿಗೆ ಆಫೀಸಿನ ಗುಂಪಿನಿಂದ ಬಂತಂತೆ. ನಾನಂತೂ ರಾತ್ರಿನೇ ಎರಡು ಸಾವಿರ ಹಾಕಿದೆ" ಎಂದರು. ನಾವು ನಂಬುವುದು ಮೇಷ್ಟ್ರನ್ನು. ಮೇಷ್ಟ್ರು ನಂಬಿದ್ದು ತಂಗಿಯ ಮಗನನ್ನು. ಅವನು ಇನ್ಯಾರನ್ನೋ. ಈ ಸರಪಳಿಯಲ್ಲಿ ಆ ಮಗುವನ್ನು ಕಣ್ಣಿನಿಂದ ಕಂಡವರು ಒಬ್ಬರೂ ಇಲ್ಲ. ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತು ಇತ್ತು. ಅನೇಕ ಸಲ ಒಬ್ಬರಿಂದೊಬ್ಬರಿಗೆ ದಾಟಿ ಬಂದದ್ದಕ್ಕೆ ವಾಟ್ಸ್ಆ್ಯಪ್ ಹಾಕುವ ಗುರುತು ಅದು.

ಎರಡನೆಯದಾಗಿ ನಾನು ಹುಡುಕಿದ್ದು ತಾರೀಖನ್ನು. ಬ್ಯಾಂಕಿನಲ್ಲಿ ಚೆಕ್ ಕೈಗೆ ಬಂದರೆ ಗುಮಾಸ್ತೆ ತಾರೀಖು ನೋಡದೆ ಮುಂದೆ ಹೋಗುವುದಿಲ್ಲ. ಆಗ ಚೆಕ್ಕಿನ ಆಯುಷ್ಯ ಆರು ತಿಂಗಳು, 2012ರ ಏಪ್ರಿಲ್‌ನಿಂದ ಮೂರೇ ತಿಂಗಳು. ಈ ಚಿತ್ರದಲ್ಲಿ 'ಇನ್ನು ಎರಡೇ ದಿನ' ಎಂದಿದೆಯೇ ಹೊರತು ಯಾವ ದಿನದಿಂದ ಎರಡು ದಿನ ಎಂದಿಲ್ಲ. ಆರು ತಿಂಗಳ ಬಳಿಕ ಓದಿದರೂ ಎರಡೇ ದಿನ. ಮಗುವಿಗೆ ಒಂದು ಹೆಸರು ಇತ್ತು, ತಂದೆ ತಾಯಿಯ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ, ಊರಿಲ್ಲ.

"ಅಂದ್ರೆ ಸುಳ್ಳು ಅಲ್ವಾ?" ಎಂದಳು ಪುಟ್ಟಿ, ಮುಖ ಸಣ್ಣದು ಮಾಡಿಕೊಂಡು.

ಇಲ್ಲಿಯೇ ನಾನು ಹಿಂದೆ ಎಡವಿದ್ದು. ಇಂಥ ಮನವಿಯ ಮುಂದೆ ನಾವು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ, ನಿಜವೋ ಸುಳ್ಳೋ ಎಂದು. ನಿಜವಾಗಿ ಅಲ್ಲಿ ಎರಡು ಪ್ರಶ್ನೆಗಳಿವೆ. ಈ ಮಗು, ಈ ಕಾಯಿಲೆ ಇದೆಯೇ ಎನ್ನುವುದು ಒಂದು. ನಾನು ಕೊಡುವ ಹಣ ಆ ಮಗುವಿನ ಚಿಕಿತ್ಸೆಗೆ ಹೋಗುತ್ತದೆಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದಾಕ್ಷಣ ಎರಡನೆಯದಕ್ಕೂ ಹೌದು ಎಂದುಕೊಳ್ಳುತ್ತೇವೆ. ಕಳ್ಳನಿಗೆ ಬೇಕಾದದ್ದೂ ಅಷ್ಟೇ. ಅವನು ಕಾಯಿಲೆಯ ಕಥೆ ಕಟ್ಟುವ ತೊಂದರೆ ತೆಗೆದುಕೊಳ್ಳುವುದೇ ಇಲ್ಲ. ನಿಜವಾದ ಮನವಿಯೊಂದರಿಂದ ಚಿತ್ರವನ್ನೂ ಸಂಕಟವನ್ನೂ ಎತ್ತಿಕೊಳ್ಳುತ್ತಾನೆ, ಹಣ ಹೋಗುವ ದಾರಿಯನ್ನು ಮಾತ್ರ ತನ್ನ ಕಡೆಗೆ ತಿರುಗಿಸುತ್ತಾನೆ.

ಆದ್ದರಿಂದ ಮೂಲ ಎಲ್ಲಿದೆ ಎಂದು ಹುಡುಕಬೇಕಿತ್ತು. ಅದರಲ್ಲಿ ಪುಟ್ಟಿ ನನಗಿಂತ ಜಾಣೆ. ಚಿತ್ರದಲ್ಲಿ ಮಗುವಿನ ಮುಖವಿರುವಷ್ಟನ್ನು ಕತ್ತರಿಸಿ ಗೂಗಲ್ ಲೆನ್ಸ್‌ಗೆ ಕೊಟ್ಟಳು. ಅದು ಅದೇ ಚಿತ್ರ ಇಂಟರ್‌ನೆಟ್ಟಿನಲ್ಲಿ ಬೇರೆಲ್ಲಿದೆ ಎಂದು ಹುಡುಕಿ ತೋರಿಸುತ್ತದೆ. ಒಂದೇ ಚಿತ್ರ ನಾಲ್ಕು ಹೆಸರಿನಲ್ಲಿ, ನಾಲ್ಕು ಕಾಯಿಲೆಯಲ್ಲಿ ಕಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಏನೂ ಸಿಗದಿದ್ದರೆ ನಿಜವೆಂದು ಅರ್ಥವಲ್ಲ, ಚಿತ್ರ ಹೊಸದಿರಬಹುದು ಅಷ್ಟೇ. ನಮಗೆ ಒಂದೇ ಕಡೆ ಸಿಕ್ಕಿತು. ಜನರಿಂದ ವಂತಿಗೆ ಎತ್ತಿಕೊಡುವ ಒಂದು ಜಾಲತಾಣದ ಪುಟ ಅದು.

ನನ್ನ ವಯಸ್ಸಿನವರಿಗಾಗಿ ಒಂದು ಮಾತು. ಮಿಲಾಪ್, ಕೆಟ್ಟೋ, ಇಂಪ್ಯಾಕ್ಟ್ ಗುರು ಮುಂತಾದ ಇಂಥ ತಾಣಗಳು ನಮ್ಮ ದೇಶದಲ್ಲಿವೆ. ಹಿಂದೆ ಊರಿನಲ್ಲಿ ಯಾರಿಗಾದರೂ ಕಷ್ಟ ಬಂದರೆ ನಾಲ್ಕು ಜನ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಿದ್ದರಲ್ಲ, ಅದೇ ಕೆಲಸ. ಆದರೆ ಊರಿನಲ್ಲಿ ರಸೀದಿ ಪುಸ್ತಕ ಹಿಡಿದವನ ಅಪ್ಪನ ಹೆಸರೂ ನಮಗೆ ಗೊತ್ತಿರುತ್ತಿತ್ತು. ಇಲ್ಲಿ ಆ ಗುರುತನ್ನು ನಾವೇ ಹುಡುಕಿಕೊಳ್ಳಬೇಕು.

ಸಂದೇಶದೊಳಗೆ ಲಿಂಕ್ ಇದ್ದರೆ ಅದನ್ನು ಒತ್ತಿ ಹೋಗಬೇಡಿ. ತಾಣದ ಹೆಸರನ್ನು ನೀವೇ ಟೈಪ್ ಮಾಡಿ, ಒಳಗೆ ಹೋಗಿ, ರೋಗಿಯ ಹೆಸರನ್ನು ಅಲ್ಲಿ ಹುಡುಕಿ. ತಾಣದ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿಸಿ ಅದೇ ಬಣ್ಣ, ಅದೇ ಆಕಾರದ ನಕಲಿ ಪುಟ ಕಟ್ಟುವುದು ದೊಡ್ಡ ಕೆಲಸವಲ್ಲ. ನಾವು ಹಾಗೆಯೇ ಹೋದೆವು. ಪುಟ ತೆರೆಯಿತು. ಅದೇ ಮಗು, ಅದೇ ಹಾಸಿಗೆ. ಹಾಸನ ಜಿಲ್ಲೆಯ ಒಂದು ಹಳ್ಳಿಯ ಹೆಸರು, ತಂದೆ ತಾಯಿಯ ಹೆಸರು, ಬೆಂಗಳೂರಿನ ಒಂದು ಆಸ್ಪತ್ರೆಯ ಹೆಸರು ಎಲ್ಲವೂ ಇದ್ದವು. ಪುಟವನ್ನು ತೆರೆದಿದ್ದವನು ಮಗುವಿನ ಸೋದರಮಾವ.

ಪುಟದ ಮೇಲ್ಭಾಗದಲ್ಲಿ ದಾಖಲೆ ಪರಿಶೀಲಿಸಲಾಗಿದೆ ಎನ್ನುವ ಹಸಿರು ಗುರುತಿತ್ತು. ಪುಟ್ಟಿ ಅದನ್ನು ನೋಡಿ ಹಿಗ್ಗಿದಳು. ನಾನು ತಡೆದೆ. ಆ ಗುರುತು ಹೇಳುವುದು ಇಷ್ಟು: ಅರ್ಜಿ ಹಾಕಿದವರು ಗುರುತಿನ ಚೀಟಿ, ಆಸ್ಪತ್ರೆಯ ಕಾಗದ ಕೊಟ್ಟಿದ್ದಾರೆ, ತಾಣದವರು ಅದನ್ನು ನೋಡಿದ್ದಾರೆ. ತಾಣದ ಮನುಷ್ಯನೊಬ್ಬ ಆಸ್ಪತ್ರೆಗೆ ಹೋಗಿ ಮಗುವಿನ ಹಾಸಿಗೆಯ ಪಕ್ಕ ನಿಂತು ಬಂದಿದ್ದಾನೆ ಎಂದೇನೂ ಅಲ್ಲ. ಬ್ಯಾಂಕಿನಲ್ಲಿ ನಾವೂ ಸಾಲದ ಕಾಗದಗಳನ್ನು ಪರಿಶೀಲಿಸಿದ್ದೇವೆ ಎಂದು ಮುದ್ರೆ ಒತ್ತುತ್ತಿದ್ದೆವು. ಕಾಗದ ಸರಿಯಾಗಿತ್ತು, ಎಮ್ಮೆ ಮಾತ್ರ ಇರಲಿಲ್ಲ ಎನ್ನುವ ಸಾಲಗಳೂ ಇದ್ದವು. ಗುರುತು ಇರುವುದು ಒಳ್ಳೆಯದೇ, ಅಲ್ಲಿಗೇ ನಿಲ್ಲಬಾರದು.

ಆ ಪುಟದಲ್ಲಿ ಆಸ್ಪತ್ರೆಯ ಎಸ್ಟಿಮೇಟ್ ಪತ್ರದ ಚಿತ್ರವಿತ್ತು. ನಾನು ಕನ್ನಡಕ ಒರೆಸಿಕೊಂಡು ಕುಳಿತೆ. ಇದು ನನ್ನ ಕಸುಬು.

ಚಿಕಿತ್ಸೆಗೆ ಅಂದಾಜು ಎಷ್ಟು ಖರ್ಚಾಗುತ್ತದೆ ಎಂದು ಆಸ್ಪತ್ರೆ ಬರೆದುಕೊಡುವ ಕಾಗದ ಇದು. ಅದರಲ್ಲಿ ರೋಗಿಯ ಹೆಸರು, ವಯಸ್ಸು, ತಾರೀಖು, ಆಸ್ಪತ್ರೆ ಕೊಟ್ಟ ರೋಗಿಯ ಸಂಖ್ಯೆ, ಕಾಯಿಲೆಯ ಹೆಸರು, ವೈದ್ಯರ ಸಹಿ ಮತ್ತು ಅವರ ನೋಂದಣಿ ಸಂಖ್ಯೆ, ಮೊಹರು ಇರುತ್ತವೆ. ರೋಗಿಯ ಸಂಖ್ಯೆಯನ್ನು ಹಲವು ಆಸ್ಪತ್ರೆಗಳಲ್ಲಿ ಯುಎಚ್‌ಐಡಿ ಎನ್ನುತ್ತಾರೆ. ಒಬ್ಬ ರೋಗಿಗೆ ಆ ಆಸ್ಪತ್ರೆಯಲ್ಲಿ ಒಂದೇ ಸಂಖ್ಯೆ, ನಮ್ಮ ಬ್ಯಾಂಕ್ ಖಾತೆಯ ಸಂಖ್ಯೆ ಇದ್ದ ಹಾಗೆ. ಉಳಿದದ್ದು ಮಸುಕಾದರೂ ಚಿಂತೆಯಿಲ್ಲ, ಈ ಸಂಖ್ಯೆಯನ್ನು ಮಾತ್ರ ಬರೆದಿಟ್ಟುಕೊಳ್ಳಿ. ಮುಂದೆ ಇದೇ ಕೀಲಿಕೈ.

ಕಾಯಿಲೆ ಬಿಲಿಯರಿ ಅಟ್ರೀಸಿಯಾ ಎಂದಿತ್ತು. ಲಿವರಿನಿಂದ ಪಿತ್ತ ಹೊರಗೆ ಹರಿಯುವ ನಾಳಗಳು ಹಸುಗೂಸಿನಲ್ಲೇ ಮುಚ್ಚಿಹೋಗುವ ಕಾಯಿಲೆ. ಪಿತ್ತ ಒಳಗೇ ಕಟ್ಟಿಕೊಂಡು ಲಿವರ್ ಕೆಡುತ್ತದೆ, ಕಣ್ಣು ಮೈ ಹಳದಿಯಾಗುತ್ತದೆ. ಕೂಸಿದ್ದಾಗ ಮಾಡಿದ ಒಂದು ಆಪರೇಷನ್ ಫಲಿಸದಿದ್ದರೆ ಕೊನೆಗೆ ಲಿವರ್ ಕಸಿಯೇ ಗತಿ. ಪುಟದ ಕಥೆಯಲ್ಲಿ ಎರಡು ತಿಂಗಳ ಕೂಸಿಗೆ ಆಪರೇಷನ್ ಆಗಿತ್ತು ಎಂದಿತ್ತು. ತಾಯಿ ತನ್ನ ಲಿವರಿನ ಒಂದು ಭಾಗ ಕೊಡುತ್ತಾಳೆ ಎಂದಿತ್ತು. ಚಿತ್ರದ ಹಳದಿ ಕಣ್ಣು, ಪತ್ರದ ಕಾಯಿಲೆ, ಪುಟದ ಕಥೆ ಮೂರೂ ಒಂದಕ್ಕೊಂದು ಹೊಂದಿಕೊಂಡವು. ಹೊಂದದಿದ್ದಾಗ ಅದು ಎದ್ದು ಕಾಣುತ್ತದೆ. ಕಥೆಯಲ್ಲಿ ಹೃದಯ, ಪತ್ರದಲ್ಲಿ ಮೂತ್ರಪಿಂಡ. ಕಥೆಯಲ್ಲಿ ಆರು ವರ್ಷ, ಪತ್ರದಲ್ಲಿ ಹದಿನಾರು.

ಆಮೇಲೆ ಮೊತ್ತ. "ಪುಟ್ಟಿ, ಕೂಡು" ಎಂದೆ. ಮಗುವಿನ ಆಪರೇಷನ್ ಮತ್ತು ಆಸ್ಪತ್ರೆ ವಾಸಕ್ಕೆ 11,50,000. ತಾಯಿಯ ಆಪರೇಷನ್ನಿಗೆ 4,25,000. ಔಷಧಿ ಮತ್ತು ಪರೀಕ್ಷೆಗಳಿಗೆ 2,25,000. ಅವಳು ಬೆರಳು ಮಡಚುತ್ತಾ ಕೂಡಿ "ಹದಿನೆಂಟು ಲಕ್ಷ" ಎಂದಳು. ಪತ್ರದ ಕೆಳಗೂ ಹದಿನೆಂಟು ಲಕ್ಷ, ಪುಟ ಕೇಳುತ್ತಿದ್ದದ್ದೂ ಹದಿನೆಂಟು ಲಕ್ಷ. ನಿಮಗೆ ನಗು ಬರಬಹುದು, ಆದರೆ ಕಾಗದವನ್ನು ಕಂಪ್ಯೂಟರಿನಲ್ಲಿ ತಿದ್ದುವವರು ಕೆಳಗಿನ ಮೊತ್ತವನ್ನು ತಿದ್ದಿ ಮೇಲಿನ ಸಾಲುಗಳನ್ನು ಹಾಗೇ ಬಿಡುವುದುಂಟು. ಕೂಡಿದರೆ ಸಿಕ್ಕಿಬೀಳುತ್ತಾರೆ. ಒಂದು ಅಂಕಿಯ ದಪ್ಪ, ಅಳತೆ ಪಕ್ಕದ ಅಂಕಿಗಿಂತ ಬೇರೆ ಇದ್ದರೂ ಅನುಮಾನ ಪಡಬೇಕು. ಹಾಗೆಂದು ಮೊತ್ತ ಬದಲಾಯಿತು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕಳ್ಳನೆನ್ನಬಾರದು. ಐಸಿಯುವಿನಲ್ಲಿ ನಾಲ್ಕು ದಿನ ಹೆಚ್ಚಾದರೆ ಎಸ್ಟಿಮೇಟ್ ಏರುತ್ತದೆ. ಆಗ ಹೊಸ ತಾರೀಖಿನ ಹೊಸ ಪತ್ರ ಪುಟಕ್ಕೆ ಬರಬೇಕು, ಅಷ್ಟೇ.

ಹಣ ಕೊಟ್ಟವರ ಪಟ್ಟಿಯನ್ನೂ ಕೆಳಗಿನಿಂದ ಮೇಲಕ್ಕೆ ಓದಿದೆವು. ಕೆಳಗಿನದು ಎಂದರೆ ಮೊದಲು ಕೊಟ್ಟವರು. ನಿಜವಾದ ಮನೆಯೊಂದಕ್ಕೆ ಕಷ್ಟ ಬಂದಾಗ ಮೊದಲು ಕೈಹಾಕುವವರು ಬಂಧುಗಳು, ಊರಿನವರು, ಜೊತೆಗೆ ಕೆಲಸ ಮಾಡುವವರು. ಇಲ್ಲಿ ಮೊದಲ ಹತ್ತು ಹದಿನೈದು ಹೆಸರುಗಳಲ್ಲಿ ಒಬ್ಬರು ಆ ಊರಿನ ಅಂಗನವಾಡಿಯವರೆಂದು ಬರೆದುಕೊಂಡಿದ್ದರು, ಇನ್ನೊಬ್ಬರು ಮಗುವಿನ ತಂದೆಯನ್ನು ಹೆಸರಿಡಿದು ಕರೆದು ಧೈರ್ಯ ಹೇಳಿದ್ದರು. ನೂರು, ಇನ್ನೂರು, ಐನೂರರ ಸಣ್ಣ ಮೊತ್ತಗಳು. ಗುರುತಿನವರು ಒಬ್ಬರೂ ಕೊಡದೆ ಬರೀ ಅಪರಿಚಿತರೇ ಕೊಟ್ಟ ಪುಟವಾಗಿದ್ದರೆ ನನಗೆ ಯೋಚನೆಯಾಗುತ್ತಿತ್ತು.

ಹೀಗೆ ಮೊದಲ ಪ್ರಶ್ನೆಗೆ ಹೆಚ್ಚುಕಡಿಮೆ ಉತ್ತರ ಸಿಕ್ಕಿತು. ಮಗು ಇದೆ, ಕಾಯಿಲೆ ಇದೆ. ಪುಟ್ಟಿ ಹುಂಡಿ ಒಡೆಯಲು ಕುಟ್ಟಾಣಿ ತಂದೇಬಿಟ್ಟಳು.

"ತಡಿ. ಹಣ ಯಾರ ಹೆಸರಿಗೆ ಹೋಗುತ್ತೆ?" ಎಂದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹೆಡ್ ಕ್ಲರ್ಕ್ ಒಬ್ಬರಿದ್ದರು. ಚೆಕ್ಕಿನ ಎಡಮೂಲೆಯಲ್ಲಿ ಎರಡು ಗೆರೆ ಎಳೆದು ನಡುವೆ 'ಅಕೌಂಟ್ ಪೇಯಿ' ಎಂದು ಬರೆಯುವುದನ್ನು ನೀವು ನೋಡಿರಬಹುದು. ಆ ಚೆಕ್ಕಿನ ಹಣ ಅದರಲ್ಲಿ ಬರೆದ ಹೆಸರಿನವರ ಖಾತೆಗೇ ಹೋಗಬೇಕು, ಕೈಯಲ್ಲಿ ಹಿಡಿದು ತಂದವನಿಗಲ್ಲ. "ಎರಡು ಗೆರೆ ಕಂಡ ಮೇಲೆ ಹೆಸರನ್ನ ಎರಡು ಸಲ ಓದಯ್ಯ" ಎನ್ನುತ್ತಿದ್ದರು ಅವರು. ಆಮೇಲೆ ನೆಫ್ಟ್ ಬಂತು. ಅದರಲ್ಲಿ ಹಣ ಜಮೆಯಾಗುತ್ತಿದ್ದದ್ದು ಖಾತೆಯ ಸಂಖ್ಯೆ ನೋಡಿ. ಹೆಸರನ್ನು ನೀವು ಏನೆಂದು ತುಂಬಿದರೂ ಸಂಖ್ಯೆ ಯಾರದೋ ಅವರಿಗೇ ಹೋಗುತ್ತಿತ್ತು. ಜನಕ್ಕೆ ಇದು ಗೊತ್ತೇ ಇರಲಿಲ್ಲ. ಖಾತೆಯ ಹೆಸರು ಇಂಥ ಆಸ್ಪತ್ರೆ ಎಂದು ಬರೆದು ಕೆಳಗೆ ತನ್ನ ಸ್ವಂತ ಸಂಖ್ಯೆ ಕೊಟ್ಟರೆ ಸಾಕಾಗಿತ್ತು. ಕಳಿಸುವ ಮೊದಲು ಆ ಸಂಖ್ಯೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಅನುಕೂಲವನ್ನು 2025ರ ಏಪ್ರಿಲ್ 1ರೊಳಗೆ ಮಾಡಿಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತು. ಖಾತೆಗೆ ಕಳಿಸುವವರು ಈಗ ಆ ಹೆಸರನ್ನು ನೋಡದೆ ಮುಂದೆ ಹೋಗಬಾರದು.

ಯುಪಿಐನಲ್ಲಿ ಅದು ಇನ್ನೂ ಸುಲಭ. ಮೇಷ್ಟ್ರು ಕಳಿಸಿದ ಚಿತ್ರವನ್ನು ಸೊಸೆಯ ಫೋನಿನಲ್ಲಿ ದೊಡ್ಡದು ಮಾಡಿ ಹಿಡಿದಳು ಪುಟ್ಟಿ. ನನ್ನ ಫೋನಿನ ಯುಪಿಐ ಆ್ಯಪ್ ತೆರೆದು ಆ ಚೌಕವನ್ನು ಸ್ಕ್ಯಾನ್ ಮಾಡಿದೆ. ಫೋನಿನ ಬರೀ ಕ್ಯಾಮೆರಾದಿಂದ ಮಾಡಬೇಡಿ, ಅದು ಎಲ್ಲಿಗೋ ಒಯ್ದು ಯಾವುದೋ ಪುಟ ತೆರೆಯಬಹುದು. ಯುಪಿಐ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಮೊತ್ತ ಕೇಳುವ ಪರದೆಯ ಮೇಲೆ ಹಣ ಪಡೆಯುವವರ ಹೆಸರು ಬರುತ್ತದೆ. ಪಿನ್ ಒತ್ತುವ ತನಕ ಹಣ ಹೋಗುವುದಿಲ್ಲ. ಹೆಸರು ನೋಡಿ ಅಲ್ಲಿಂದಲೇ ಹಿಂದಕ್ಕೆ ಬರಬಹುದು.

ಬಂದ ಹೆಸರು ಆಸ್ಪತ್ರೆಯದಲ್ಲ. ತಾಣದ್ದಲ್ಲ. ತಂದೆಯದಲ್ಲ, ತಾಯಿಯದಲ್ಲ, ಸೋದರಮಾವನದೂ ಅಲ್ಲ. ಕರ್ನಾಟಕದ ಹೆಸರಿನಂತೆಯೂ ಕಾಣದ ಯಾರೋ ಒಬ್ಬನ ಹೆಸರು. ಅದೇ ಸಮಯದಲ್ಲಿ ತಾಣದ ಪುಟದಲ್ಲಿದ್ದ ಕ್ಯೂಆರ್ ಕೋಡನ್ನೂ ಸ್ಕ್ಯಾನ್ ಮಾಡಿದೆವು. ಅದರಲ್ಲಿ ಆ ತಾಣದ ಹೆಸರು ಬಂತು. ಒಂದೇ ಮಗು, ಒಂದೇ ಚಿತ್ರ, ಎರಡು ಚೌಕ. ಬರಿಗಣ್ಣಿಗೆ ಎರಡೂ ಒಂದೇ ತರಹದ ಕಪ್ಪು ಬಿಳುಪು.

ಪುಟ್ಟಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಮೇಷ್ಟ್ರ ಎರಡು ಸಾವಿರ?" ಎಂದಳು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹೆಸರು ಬೇರೆಯಾದದ್ದೆಲ್ಲ ಮೋಸವಲ್ಲ. ಹಳ್ಳಿಯ ಮನೆಯಲ್ಲಿ ತಂದೆಗೆ ಯುಪಿಐ ಇರುವುದಿಲ್ಲ, ಚಿಕ್ಕಪ್ಪನ ಫೋನಿನ ಸಂಖ್ಯೆ ಕೊಟ್ಟಿರುತ್ತಾರೆ. ಆಗ ಕೇಳಬೇಕು: ಈ ಹೆಸರಿನವರು ರೋಗಿಗೆ ಏನಾಗಬೇಕು, ಹಣ ಅವರಿಗೇಕೆ ಹೋಗುತ್ತದೆ? ನಿಜವಾದವರು ಇದಕ್ಕೆ ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ, ಆದರೆ ತಡವಾಗಿ. ಏಕೆಂದರೆ ಅವರು ಆಸ್ಪತ್ರೆಯ ಮೊಗಸಾಲೆಯಲ್ಲಿ, ರಕ್ತಕ್ಕೋ ಔಷಧಿಗೋ ಓಡಾಡುತ್ತಿರುತ್ತಾರೆ. ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟು, ಪ್ರಶ್ನೆಯನ್ನು ಬದಿಗೆ ಸರಿಸಿ, 'ಎಷ್ಟು ಕಳಿಸ್ತೀರಾ, ಈಗಲೇ ಕಳಿಸಿ, ಸ್ಕ್ರೀನ್‌ಶಾಟ್ ಹಾಕಿ' ಎನ್ನುವವನೇ ನನಗೆ ಹೆಚ್ಚು ಅನುಮಾನ ಹುಟ್ಟಿಸುತ್ತಾನೆ. ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಹಣ ಹಾಕಿಸಿಕೊಂಡು 'ನಿಮಗೆ 80ಜಿ ತೆರಿಗೆ ವಿನಾಯಿತಿ ಸಿಗುತ್ತದೆ' ಎಂದರೂ ಅದು ಸುಳ್ಳೇ. ಆ ವಿನಾಯಿತಿ ಅದಕ್ಕೆಂದು ನೋಂದಾಯಿಸಿಕೊಂಡ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ.

ಸೋದರಮಾವನಿಗೆ ತಾಣದ ಮೂಲಕ ಒಂದು ಸಂದೇಶ ಕಳಿಸಿದೆ. ನಿಮ್ಮ ಮಗುವಿನ ಚಿತ್ರ ಬೇರೆ ಕ್ಯೂಆರ್ ಕೋಡ್ ಹೊತ್ತು ಓಡಾಡುತ್ತಿದೆ, ಆ ಹೆಸರಿನವರು ನಿಮ್ಮವರೇ ಎಂದು. ಉತ್ತರ ಬಂದದ್ದು ಮರುದಿನ ರಾತ್ರಿ. 'ಅಂಥವರು ನಮಗೆ ಯಾರೂ ಇಲ್ಲ ಸರ್. ಆಪರೇಷನ್ ಎರಡು ದಿನದಲ್ಲಲ್ಲ, ಇನ್ನೂ ಮೂರು ವಾರ ಇದೆ. ಎಲ್ಲರೂ ಕಳಿಸಿದ್ದೇವೆ ಅಂತಾರೆ, ಪುಟಕ್ಕೆ ಬರುತ್ತಲೇ ಇಲ್ಲವಲ್ಲ ಅಂತ ಅಂದುಕೊಳ್ಳುತ್ತಿದ್ದೆವು' ಎಂದಿತ್ತು.

ಆ ನಡುವೆ ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿದ್ದೆ. ಪತ್ರದಲ್ಲಿ ಅಚ್ಚಾಗಿದ್ದ ಸಂಖ್ಯೆಗಲ್ಲ. ಪತ್ರ ನಕಲಿಯಾದರೆ ಸಂಖ್ಯೆಯೂ ನಕಲಿ, ಆ ಕಡೆ 'ಹೌದು, ಆಸ್ಪತ್ರೆಯೇ' ಎನ್ನುವವನೂ ನಕಲಿ. ಆಸ್ಪತ್ರೆಯ ಸ್ವಂತ ಜಾಲತಾಣದಿಂದ ಸಂಖ್ಯೆ ತೆಗೆದುಕೊಂಡು, ಬಿಲ್ಲಿಂಗ್ ವಿಭಾಗಕ್ಕೆ ಕೊಡಿ ಎಂದೆ. "ಇಂಥ ಮಗು ನಿಮ್ಮಲ್ಲಿದೆಯಾ?" ಎಂದು ಕೇಳಿದ್ದಕ್ಕೆ ಆ ಹುಡುಗಿ ನಯವಾಗಿಯೇ "ರೋಗಿಗಳ ವಿಚಾರ ಹೊರಗಿನವರಿಗೆ ಹೇಳೋ ಹಾಗಿಲ್ಲ ಸರ್" ಎಂದಳು. ಅದು ಸರಿಯಾದ ಉತ್ತರವೇ. ಬ್ಯಾಂಕಿನಲ್ಲಿ ನಾವೂ ಹಾಗೇ ಹೇಳುತ್ತಿದ್ದೆವು. ಅಲ್ಲಿಂದ ನನಗೆ ನೆನಪಾಯಿತು. ಬ್ಯಾಂಕಿನಲ್ಲಿ ಇನ್ನೊಬ್ಬರ ಖಾತೆಯ ಬಾಕಿ ಎಷ್ಟು ಎಂದು ಹೇಳುತ್ತಿರಲಿಲ್ಲ, ಆದರೆ ಅದಕ್ಕೆ ಹಣ ಕಟ್ಟಲು ಬಂದವರನ್ನು ಬೇಡ ಎನ್ನುತ್ತಿರಲಿಲ್ಲ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿದೆ.

"ವಿವರ ಬೇಡಮ್ಮ. ನನ್ನ ಹತ್ತಿರ ಯುಎಚ್‌ಐಡಿ ಸಂಖ್ಯೆ ಇದೆ. ಆ ರೋಗಿಯ ಬಿಲ್ಲಿಗೆ ಹೊರಗಿನವರು ನೇರವಾಗಿ ಆಸ್ಪತ್ರೆಯ ಖಾತೆಗೇ ಹಣ ಕಟ್ಟಬಹುದಾ?"

ಸಂಖ್ಯೆ ಹೇಳಿ ಎಂದಳು. ಕೀಲಿಮಣೆಯ ಸದ್ದು ಕೇಳಿಸಿತು. "ಕಟ್ಟಬಹುದು ಸರ್. ನಮ್ಮ ವೆಬ್‌ಸೈಟಿನಲ್ಲೇ ಪಾವತಿಯ ಜಾಗ ಇದೆ, ಈ ಸಂಖ್ಯೆ ಹಾಕಿದ್ರೆ ಹೆಸರು ಬರುತ್ತೆ. ರಸೀದಿ ಇಟ್ಕೊಳ್ಳಿ."

ಹೆಸರು ಬಂತು. ಪುಟ್ಟಿ ಶಾಲೆಗೆ ಹೋಗಿದ್ದಳು, ಇಲ್ಲದಿದ್ದರೆ ಕುಣಿಯುತ್ತಿದ್ದಳು. ಎಲ್ಲ ಆಸ್ಪತ್ರೆಯಲ್ಲೂ ಜಾಲತಾಣದ ಪಾವತಿ ಇರುವುದಿಲ್ಲ. ಕೆಲವು ಕಡೆ ಸಮಾಜಕಾರ್ಯ ವಿಭಾಗದವರನ್ನು ಕೇಳಬೇಕಾಗುತ್ತದೆ, ಕೆಲವು ಕಡೆ ಆಸ್ಪತ್ರೆಯ ಹೆಸರಿಗೆ ಚೆಕ್ ಬರೆದು ಹಿಂದೆ ರೋಗಿಯ ಸಂಖ್ಯೆ ಬರೆಯಬೇಕಾಗುತ್ತದೆ. ದಾರಿ ಯಾವುದಾದರೂ, 'ನಾನು ಆಸ್ಪತ್ರೆಗೇ ಕಟ್ಟುತ್ತೇನೆ' ಎಂದಾಗ ಎದುರಿನವರು ಏನು ಹೇಳುತ್ತಾರೆ ಎನ್ನುವುದೇ ಅರ್ಧ ಪರೀಕ್ಷೆ.

ಇದೇ ಸಿದ್ಧಾಂತ ಮಾಡಿಕೊಂಡು ಎಲ್ಲವನ್ನೂ ಆಸ್ಪತ್ರೆಗೇ ಕಟ್ಟಬೇಕೆಂದು ನಾನು ಹೊರಟಾಗ ಮನೆಯಾಕೆ ತಡೆದಳು. "ಆಸ್ಪತ್ರೆ ಬಿಲ್ಲೊಂದೇ ಖರ್ಚಾ? ಆ ಅಪ್ಪ ಮೂರು ತಿಂಗಳು ಬೆಂಗಳೂರಲ್ಲಿ ಎಲ್ಲಿರ್ತಾನೆ, ಏನು ತಿಂತಾನೆ? ಆಪರೇಷನ್ ಆದ್ಮೇಲೆ ಔಷಧಿ?" ಎಂದಳು. ಮಾತು ಸರಿ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧಿಯನ್ನು ಮುಂದೆಯೂ ವರ್ಷಗಟ್ಟಲೆ ತೆಗೆದುಕೊಳ್ಳಬೇಕು. ಆ ಖರ್ಚು ಆಸ್ಪತ್ರೆಯ ಬಿಲ್ಲಿನಲ್ಲಿ ಬರುವುದಿಲ್ಲ. ಕೊನೆಗೆ ನಾನು ಕೊಡಬೇಕೆಂದಿದ್ದ ಐದು ಸಾವಿರದಲ್ಲಿ ನಾಲ್ಕನ್ನು ಆಸ್ಪತ್ರೆಗೆ, ಒಂದನ್ನು ಪುಟದ ಮೂಲಕ ಕೊಟ್ಟೆವು.

ಪುಟ್ಟಿಯ ಹುಂಡಿಯಲ್ಲಿ 640 ರೂಪಾಯಿ ಇತ್ತು. ಹತ್ತು ಹತ್ತರಂತೆ ನಾಣ್ಯಗಳನ್ನು ಜೋಡಿಸಿ ಎಣಿಸಿದೆವು, ಕ್ಯಾಷ್ ಕೌಂಟರಿನ ಹಳೆಯ ಅಭ್ಯಾಸ. ಅವಳ ಹಣ ಪುಟದ ಮೂಲಕವೇ ಹೋಗಬೇಕೆಂದಳು, ತನ್ನ ಹೆಸರು ಪಟ್ಟಿಯಲ್ಲಿ ಕಾಣಲಿ ಎಂದು. ಕೊಡುವಾಗ ಅವಳೇ ಒಂದನ್ನು ಹಿಡಿದಳು. 640 ತುಂಬಿದರೆ ಕೆಳಗೆ ಒಟ್ಟು 704 ಎಂದು ಬರುತ್ತಿತ್ತು. ತಾಣದ ನಿರ್ವಹಣೆಗೆ ಕಾಣಿಕೆ ಎಂದು ನೂರಕ್ಕೆ ಹತ್ತರ ಲೆಕ್ಕ ಮೊದಲೇ ಸೇರಿಸಿಟ್ಟಿದ್ದರು. ಅದು ಮೋಸವಲ್ಲ, ಅವರಿಗೂ ಖರ್ಚಿದೆ, ಕೊಡಲೇಬೇಕೆಂದೂ ಇಲ್ಲ. ಅದನ್ನು ಒತ್ತಿ ಬೇರೆ ಮೊತ್ತವನ್ನೋ ಸೊನ್ನೆಯನ್ನೋ ಹಾಕಬಹುದಿತ್ತು. ಪುಟ್ಟಿ ಯೋಚಿಸಿ ಹತ್ತು ರೂಪಾಯಿ ಹಾಕಿದಳು. ಆ ಹತ್ತನ್ನು ನನ್ನ ಹತ್ತಿರ ಸಾಲ ತೆಗೆದುಕೊಂಡಳು.

ಮೇಷ್ಟ್ರಿಗೆ ಹೇಳುವುದೇ ಕಷ್ಟವಾಯಿತು. ಭಾನುವಾರ ಮಧ್ಯಾಹ್ನವೇ ಅವರ ಮನೆಗೆ ಹೋಗಿದ್ದೆ. ಚಿತ್ರ ನೋಡಿದರು, ಪರದೆಯ ಮೇಲಿನ ಹೆಸರು ನೋಡಿದರು, ಕುರ್ಚಿಗೆ ಒರಗಿಕೊಂಡರು. "ನಾನೇ ಎಷ್ಟು ಜನಕ್ಕೆ ಕಳಿಸಿದೆನಪ್ಪಾ" ಎಂದರು. ಎರಡು ಸಾವಿರಕ್ಕಿಂತ ಅದೇ ಅವರಿಗೆ ಚುಚ್ಚಿದ್ದು. ಅಲ್ಲೇ ಕುಳಿತು 1930ಕ್ಕೆ ಫೋನ್ ಮಾಡಿಸಿದೆ. ಇಂಥ ವಂಚನೆಗೆ ದೇಶಕ್ಕೆಲ್ಲ ಒಂದೇ ಸಂಖ್ಯೆ ಅದು, cybercrime.gov.in ತಾಣದಲ್ಲೂ ದೂರು ಕೊಡಬಹುದು. ಹಣ ಕಳಿಸಿದ ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಕೇಳುತ್ತಾರೆ, ಅವೆಲ್ಲ ಯುಪಿಐ ಆ್ಯಪ್‌ನ ಹಳೆಯ ಪಟ್ಟಿಯಲ್ಲಿ ಸಿಗುತ್ತವೆ. ಬೇಗ ಹೇಳಿದಷ್ಟೂ ಹಣ ಆ ಖಾತೆಯಿಂದ ಮುಂದಕ್ಕೆ ಜಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅವರು ಕಳಿಸಿ ಹದಿನಾರು ಗಂಟೆಯಾಗಿತ್ತು. ಬ್ಯಾಂಕಿಗೂ ಬರೆದುಕೊಟ್ಟರು.

ಗುಂಪಿನಿಂದ ಹಳೆಯ ಚಿತ್ರವನ್ನು ಅಳಿಸಿ, ಅದರಲ್ಲಿನ ಕೋಡ್ ಮಗುವಿನವರದಲ್ಲ ಎಂದು ಮೇಷ್ಟ್ರೇ ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಮಂಗಳವಾರ, ಸೋದರಮಾವನ ಉತ್ತರವೂ ಆಸ್ಪತ್ರೆಯ ರಸೀದಿಯೂ ಕೈಯಲ್ಲಿದ್ದ ಮೇಲೆ, ನಿಜವಾದ ಪುಟವನ್ನು ಹುಡುಕುವುದು ಹೇಗೆಂದು ಇನ್ನೊಂದು ಸಲ ಬರೆದರು. ಆ ವಾರದಲ್ಲಿ ನಮ್ಮ ಬೀದಿಯಿಂದ ಪುಟಕ್ಕೆ ಹನ್ನೊಂದು ಹೆಸರು ಸೇರಿದವು.

ಮೇಷ್ಟ್ರ ದೂರಿಗೆ ಒಂದು ಸಂಖ್ಯೆ ಸಿಕ್ಕಿದೆ, ಹಣ ಇನ್ನೂ ಬಂದಿಲ್ಲ. ಮೊನ್ನೆ ಸಂಜೆ ಪುಟ್ಟಿ ಫೋನ್ ಹಿಡಿದು ಓಡಿ ಬಂದಳು. ಪುಟದಲ್ಲಿ ಹೊಸ ಸಂಗತಿ ಹಾಕಿದ್ದಾರೆ, ಆಪರೇಷನ್ ಆಗಿದೆ, ಮಗುವನ್ನು ಐಸಿಯುವಿನಿಂದ ವಾರ್ಡಿಗೆ ತಂದಿದ್ದಾರೆ ಎಂದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳೇ ಹೇಳಿದಳು: "ತಾರೀಖು ನೋಡಿದೆ ತಾತ. ನಿನ್ನೇದು."